ಗಂಗಾಮಣಿಯ ಫೋನಿನ ಹಸಿರು ಚುಕ್ಕೆ

ಹೆಗ್ಗದ್ದೆಯ ಆಶಾ ಕಾರ್ಯಕರ್ತೆ ಗಂಗಾಮಣಿಯ ಮಂಡಿನೋವು ಹದಿನಾಲ್ಕು ವರ್ಷ ಗುಡ್ಡ ಹತ್ತಿಳಿದ ಸಂಪಾದನೆ. ಎಸ್ಟೇಟಿನ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಹೆಂಗಸರು ಗಂಡಂದಿರಿಗೆ ಹೇಳದ್ದನ್ನೂ ಅವಳಿಗೆ ಹೇಳುತ್ತಾರೆ. ಒಬ್ಬಳ ಮಾತು ಇನ್ನೊಬ್ಬಳ ಮನೆಗೆ ಹೋದದ್ದಿಲ್ಲ. ಅವಳಿಗಿರುವ ಆಸ್ತಿ ಆ ನಂಬಿಕೆಯೊಂದೇ, ಉಳಿದದ್ದೆಲ್ಲ ಸುಸ್ತು.

ಅವತ್ತು ತನ್ನ ಲೈನ್ ಮನೆಯ ಜಗಲಿಯಲ್ಲಿ ಚೈತ್ರಶ್ರೀ ದನಿ ತಗ್ಗಿಸಿ, "ಮುಟ್ಟು ನಿಂತು ಎರಡು ತಿಂಗ್ಳಾತು ಕಣಕ್ಕ. ಮನೇಲಿ ಯಾರ್ಗೂ ಹೇಳಿಲ್ಲ, ಈಗ್ಲೇ ಗೊತ್ತಾಗೋದೂ ಬ್ಯಾಡ," ಎಂದಳು.

ತಾರೀಖು ನೋಡಲು ಗಂಗಾಮಣಿ ಫೋನ್ ತೆರೆದಳು. ಮೇಲೆ ಬಲಮೂಲೆಯಲ್ಲಿ ಹಸಿರು ಚುಕ್ಕೆ. ಫೋನಿನ ಮೈಕ್ ಕೇಳಿಸಿಕೊಳ್ಳುತ್ತಿದೆ ಎಂಬುದರ ಗುರುತು ಅದು, ವಾಟ್ಸಾಪಿನಲ್ಲಿ ಮಾತಾಡುವಾಗ ಕಂಡಿದ್ದಳು. ಈಗ ಯಾರ ಜೊತೆಗೂ ಮಾತಿಲ್ಲ, ಯಾವ ಆ್ಯಪೂ ತೆರೆದಿಲ್ಲ. ಪರದೆಯನ್ನು ಮೇಲಿನಿಂದ ಕೆಳಗೆಳೆದು ಚುಕ್ಕೆ ಒತ್ತಿದಳು. ಮೈಕ್ ಬಳಸುತ್ತಿದ್ದದ್ದು ಆನೆ ಎಚ್ಚರಿಕೆಯ ಆ್ಯಪ್.

ಅದು ಯಾರೋ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದು. ಹಾಕಿಕೊಳ್ಳುವಾಗ ಲೊಕೇಶನ್ ಕೇಳಿತ್ತು, ಮೈಕ್ ಕೇಳಿತ್ತು. ತೋಟದ ದಾರಿಯಲ್ಲಿ ಆನೆ ಇದೆಯೆಂಬ ಗಾಬರಿಯಲ್ಲಿ ಎರಡಕ್ಕೂ ಒಪ್ಪಿಗೆ ಒತ್ತಿದ್ದಳು. ಆನೆ ಹತ್ತಿರವಿದೆ ಎನ್ನಲು ನಾವಿರುವ ಜಾಗ ಬೇಕು, ಸರಿ. ನಮ್ಮ ಮಾತು ಯಾಕೆ? ಅವಳನ್ನೊಬ್ಬಳನ್ನೇ ಏನು ಬೈಯುವುದು, ಫೋನ್ ಮುಂದೆ ನಾವೆಲ್ಲ ಕೋಲೆ ಬಸವರೇ.

ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೆಸಿ ತೆಗೆದಳು. ಕಳೆದ ಇಪ್ಪತ್ನಾಲ್ಕು ಗಂಟೆಯಲ್ಲಿ ಯಾವ ಆ್ಯಪ್ ಯಾವಾಗ ಮೈಕ್ ಬಳಸಿತೆಂದು ಅಲ್ಲಿತ್ತು. ನಿನ್ನೆ ಮೂರು ಗಂಟೆ: ಆಗ ಗುಡ್ಡದ ಮೇಲಿನ ಮನೆಯ ಚೌಡಮ್ಮ ಅವಳೆದುರು ಕಷ್ಟ ಹೇಳಿಕೊಂಡು ಅಳುತ್ತಿದ್ದಳು. ಆ ಆ್ಯಪಿಗೆ ಮೈಕ್ ಬೇಡವೆಂದು ಒತ್ತಿದಳು. ಒಂದೊಂದು ಆ್ಯಪಿಗೂ ಒಂದೊಂದು ಅನುಮತಿ ಬೇರೆಬೇರೆಯಾದ್ದರಿಂದ ಅದರ ಲೊಕೇಶನ್ ಉಳಿಯಿತು, ವಾಟ್ಸಾಪಿನ ಮೈಕೂ ಉಳಿಯಿತು. ಚುಕ್ಕೆ ಹೋಯಿತು. ಕೇಳಿಸಿಕೊಂಡ ಮಾತು ಎಲ್ಲಿ ಸೇರಿತೆಂದು ಮಾತ್ರ ಯಾವ ಪರದೆಯೂ ಹೇಳಲಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಗಾಮಣಿಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೂ ಚೈತ್ರಶ್ರೀಗೆ ಎಲ್ಲವನ್ನೂ ಹೇಳಿದಳು.

"ನಾನ್ ಹೇಳಿದ್ದೂ ಕೇಳ್ಬುಡ್ತಾ?"

"ಕೇಳಿರ್ಬೋದು ಕಣವ್ವ. ತಪ್ಪು ನಂದೇ."

ಚೈತ್ರಶ್ರೀ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಗಂಗಾಮಣಿ ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿ ಚೌಡಮ್ಮನಿಗೂ ಹೇಳಿದಳು, ಬೈಸಿಕೊಂಡಳು. ಆ್ಯಪ್ ಬಂದ ಮೇಲೆ ಹೋದ ಮನೆಗಳಿಗೆಲ್ಲ ಹೋಗಿ ಅದನ್ನೇ ಹೇಳಿದಳು. ಆ ವಾರ ಲೈನಿನಲ್ಲಿ ಯಾರೂ ಅವಳನ್ನು ಕೂತ್ಕೊಳ್ಳಿ ಎನ್ನಲಿಲ್ಲ. ಇಷ್ಟು ವರ್ಷದ ನಡಿಗೆಯೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಅವಳಿಗೆ ಅಳು ಬಂತು.

ಭಾನುವಾರ ಬೆಳಿಗ್ಗೆ ಚೈತ್ರಶ್ರೀ ಅವಳ ಮನೆ ಬಾಗಿಲಲ್ಲಿ ನಿಂತಿದ್ದಳು. ಬರಿಗೈ.

"ದಾರೀಲಿ ಆನೆ ಐತಂತೆ, ಫೋನಿಲ್ದೆ ಬಂದ್ಯೇನೇ?"

"ಬೇಕಂತ್ಲೇ ಬುಟ್ಟು ಬಂದೆ. ನಿಮ್ದೂ ಆಚೆ ಇಟ್ ಬನ್ನಿ ಅಕ್ಕ, ಮಾತಾಡ್ಬೇಕು."

ಗಂಗಾಮಣಿ ಫೋನನ್ನು ಕೊಟ್ಟಿಗೆಯಲ್ಲಿಟ್ಟು ಬಂದು, ಅವಳ ಪಕ್ಕ ಕೂತಳು.