ಆಷಾಢದ ಬಜೆಟ್ಟು, ಶ್ರಾವಣದ ಸರ

ಹೊಳೆನರಸೀಪುರದ ನಮ್ಮ ಚಿನ್ನದಂಗಡಿಯಲ್ಲಿ ಆ ಬೆಳಿಗ್ಗೆ ಇದ್ದವರು ಗಲ್ಲಾದಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಭಾವ, ಸ್ಟೂಲಿನ ಮೇಲೆ ನಾನು. ಎದುರಿಗೆ ಕೊಣನೂರಿನ ಕಡೆಯ ಒಬ್ಬ ತಾಯಿ, ಅವರ ತಮ್ಮ. ಗೋಡೆಯ ಟೀವಿಯಲ್ಲಿ ಬಜೆಟ್ ಭಾಷಣ ನಡೆದಿತ್ತು.

ಆಷಾಢದಲ್ಲಿ ನಮ್ಮ ಕಡೆ ಯಾರೂ ಚಿನ್ನ ಮನೆಗೆ ಒಯ್ಯುವುದಿಲ್ಲ. ದುಡ್ಡು ಕಟ್ಟಿ ಆ ದಿನದ ದರ ಹಿಡಿಸಿಡುತ್ತಾರೆ, ಒಡವೆ ಶ್ರಾವಣಕ್ಕೆ. ಆ ತಾಯಿ ಬಂದದ್ದೂ ಅದಕ್ಕೇ. ಮಗಳ ಮದುವೆಗೆ ಸರ ಮಾಡಿಸಬೇಕು, ದರ ದಿನದಿನಕ್ಕೂ ಮೇಲೇರುತ್ತಿದೆ. "ಇವತ್ತೇ ಕಟ್ಬುಡ್ತೀನಿ ಕಣಕ್ಕಾ. ಇನ್ನೂ ಏರ್ಬುಟ್ರೆ ನನ್ ಮಗ್ಳ ಸರ ದಾರ ಆಗೋಯ್ತದೆ" ಎಂದರು.

ಅಕ್ಕ ದುಡ್ಡು ಮುಟ್ಟಲಿಲ್ಲ. ಭಾಷಣ ಮುಗಿಯಲಿ, ಹೊರದೇಶದಿಂದ ತರಿಸುವ ಚಿನ್ನದ ಸುಂಕದ ಮಾತು ಕೊನೆಗೆ ಬರುತ್ತದೆ, ಅಲ್ಲಿವರೆಗೆ ಕಾಫಿ ಕುಡೀರಿ ಅಂದಳು. ಏರಿಸಿದರೆ? ತಮ್ಮ ಕೇಳಿದ. ಹಿಂದೊಂದು ಸಲ ಏರಿಸಿದ್ದರಲ್ಲ. ಏರಿಸಿದರೂ ನಿಮಗೆ ಈ ಬೆಳಗಿನ ದರವೇ, ಮಾತು ನನ್ನದು ಎಂದು ಅಕ್ಕ ಹೇಳಿದಾಗ ಭಾವ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಕಡೆಗೂ ಬಂತು. ಚಿನ್ನದ ಸುಂಕ ಹದಿನೈದರಿಂದ ಶೇಕಡಾ ಆರಕ್ಕೆ. ತಮ್ಮ ಆಗಲೇ ಮೊಬೈಲಿನಲ್ಲಿ ಬೆಳಗಿನ ದರದಿಂದ ನೂರಕ್ಕೆ ಒಂಬತ್ತು ಕಳೆದು, ಈ ದರಕ್ಕೆ ಈಗಲೇ ಹಿಡೀರಿ ಎಂದ.

"ಅಂಗಲ್ಲ ಕಣಪ್ಪ," ಅಂದಳು ಅಕ್ಕ. "ನೂರು ರೂಪಾಯಿ ಚಿನ್ನ ಸುಂಕ ಸೇರಿ ನೂರಾ ಹದಿನೈದಾಗಿತ್ತು. ಇನ್ಮೇಲೆ ನೂರಾ ಆರು. ಒಂಬತ್ತು ಕಳೀಬೇಕಾದ್ದು ನೂರಾ ಹದಿನೈದ್ರಲ್ಲಿ. ನೂರಕ್ಕೆ ಎಂಟೂ ತುಂಬಲ್ಲ. ಅದೂ ಹೊರದೇಶದ ದರ, ಡಾಲರು ಇದ್ದಂಗೇ ಇದ್ರೆ."

ಅಷ್ಟೂ ಇವತ್ತೇ ಇಳಿಯುವುದಿಲ್ಲ ಎಂದೂ ಹೇಳಿದಳು. ಹಳೇ ಸುಂಕ ಕಟ್ಟಿ ತರಿಸಿದ ಮಾಲು ಎಲ್ಲ ವ್ಯಾಪಾರಿಗಳ ಹತ್ತಿರವೂ ಇದೆ, ಒಂದೇ ಏಟಿಗೆ ದರ ಇಳಿಸುವುದಕ್ಕೆ ಅವರಿಗೆ ಕೈ ಬರುವುದಿಲ್ಲ. ಒಂದೆರಡು ದಿನ ತಡೆಯಿರಿ, ಆಮೇಲೆ ಹಿಡಿಸಿ.

ನಮ್ಮ ಬೀರುವಿನಲ್ಲಿದ್ದದ್ದೂ ಹಳೇ ಸುಂಕದ ಮಾಲೇ. ಬೆಳಿಗ್ಗೆಯೇ ಆ ದುಡ್ಡು ತೆಗೆದುಕೊಂಡಿದ್ದರೆ ಕೇಳುವವರಿರಲಿಲ್ಲ. ಭಾವ ಇದನ್ನೇ ಮೆಲ್ಲಗೆ ಅಂದರು. "ಅವ್ರು ಮಗ್ಳು ಮದ್ವೆಗೆ ಬಂದವ್ರೆ ಕಣ್ರೀ" ಎಂದಳು ಅಕ್ಕ, ಅಷ್ಟೇ. ತಕ್ಕಡಿ ಹಿಡಿಯುವ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿಲ್ಲ.

ಮಧ್ಯಾಹ್ನವೇ ದರ ಇಳಿಯಿತು, ಮರುದಿನ ಇನ್ನಷ್ಟು. ಅದರ ಮಾರನೆಯ ದಿನ ಆ ತಾಯಿ ಬಂದು ದುಡ್ಡು ಕಟ್ಟಿದರು. ಶ್ರಾವಣದ ಒಂದು ಶುಕ್ರವಾರ ಮಗಳನ್ನೂ ಕರೆತಂದು, ಸರದ ಜೊತೆಗೆ ಒಂದು ಜೊತೆ ಪುಟ್ಟ ಓಲೆಯನ್ನೂ ತೂಗಿಸಿಕೊಂಡು ಕೊಣನೂರಿನ ಬಸ್ಸು ಹತ್ತಿದರು.