ಇಡೀ ತರಗತಿಗೆ ಒಂದೇ ಉತ್ತರ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಮಗೊಂದು ಲ್ಯಾಬ್ ಇತ್ತು. ಸರ್ ಒಂದು ಚಿಕ್ಕ ಬೈನರಿ ಕೊಡುತ್ತಿದ್ದರು. ಅಂದರೆ ಓಡಿಸಲು ಬರುವ ಪ್ರೋಗ್ರಾಮ್ ಮಾತ್ರ, ಅದನ್ನು ಬರೆದ ಕೋಡ್ ಇಲ್ಲ. ಓಡಿಸಿದರೆ ಅದು ಆರು ಅಕ್ಷರ ಕೇಳುತ್ತದೆ. ಅದಕ್ಕೆ ಬೇಕಾದ್ದನ್ನು ಕೊಟ್ಟರೆ ‘ಸರಿ’ ಎನ್ನುತ್ತದೆ, ಇಲ್ಲದಿದ್ದರೆ ‘ತಪ್ಪು’ ಎಂದು ಮುಚ್ಚಿಕೊಳ್ಳುತ್ತದೆ. ಏನು ಬೇಕೆಂದು ಅದರ ಬಾಯಿ ಬಿಡಿಸುವುದು ನಮ್ಮ ಕೆಲಸ. ಅದಕ್ಕೆ ನಮ್ಮ ಕೈಯಲ್ಲಿದ್ದದ್ದು gdb. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸಿ, ಒಂದೊಂದೇ ಆದೇಶ ನಡೆಸಿ, ಆ ಕ್ಷಣ ಒಳಗೆ ಏನೇನು ಕೂತಿದೆ ಎಂದು ತೋರಿಸುವ ಸಾಧನ ಅದು.

ನನಗೆ ಅದು ತುಂಬ ಹಿಡಿಸಿತು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಮೊದಲು ಸ್ಕ್ರೂ ಬಿಚ್ಚುವವಳು ನಾನು. ವಿದ್ಯಾರಣ್ಯಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾನುವಾರ ಪೂರ್ತಿ ಅದರ ಜೊತೆ ಗುದ್ದಾಡಿದೆ. ಪ್ರೋಗ್ರಾಮ್ ಎರಡು ಪದಗಳನ್ನು ಹೋಲಿಸುವ ಜಾಗದಲ್ಲಿ ನಿಲ್ಲಿಸಿ ನೋಡಿದರೆ ಒಂದು ಕಡೆ ‘dasara’ ಎಂದಿತ್ತು. ಇಷ್ಟೇನಾ ಎಂದು ಅದನ್ನೇ ಟೈಪ್ ಮಾಡಿದೆ. ತಪ್ಪು ಎಂದಿತು. ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ ಈ ಬಾರಿ ಇನ್ನೊಂದು ಕಡೆ ನೋಡಿದೆ. ನಾನು ಕೊಟ್ಟ ‘dasara’ ಅಲ್ಲಿಗೆ ಬರುವಷ್ಟರಲ್ಲಿ ‘talara’ ಆಗಿಹೋಗಿತ್ತು. ಅಂದರೆ ಹೋಲಿಸುವ ಮೊದಲು ಯಾರೋ ನನ್ನ ಅಕ್ಷರಗಳನ್ನು ಬದಲಿಸುತ್ತಿದ್ದಾರೆ.

ಹಿಂದಕ್ಕೆ ಹೋಗಿ ಒಂದೊಂದೇ ಆದೇಶ ನಡೆಸಿದಾಗ ಗುಟ್ಟು ಸಿಕ್ಕಿತು. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ, ಹದಿನಾರರ ಎಣಿಕೆಯಲ್ಲಿ ಬರೆದರೆ ಎರಡು ಸ್ಥಾನದ್ದು. ‘a’ ಅಂದರೆ 61, ‘q’ ಅಂದರೆ 71, ಹೀಗೆ. ಈ ಪ್ರೋಗ್ರಾಮ್ ಮೊದಲ ಸ್ಥಾನವನ್ನು ಒರೆಸಿ ಹಾಕಿ ಕೊನೆಯದನ್ನು ಮಾತ್ರ ಇಟ್ಟುಕೊಳ್ಳುತ್ತಿತ್ತು. ಹದಿನಾರು ಅಕ್ಷರಗಳ ಒಂದು ಸಾಲು ಅದರೊಳಗೆ ಅಡಗಿತ್ತು. ಉಳಿದ ಸ್ಥಾನ ಎಷ್ಟು ಹೇಳುತ್ತದೋ ಆ ಸಾಲಿನ ಅಷ್ಟನೆಯ ಅಕ್ಷರವನ್ನು ಎತ್ತಿಕೊಳ್ಳುತ್ತಿತ್ತು. ಹಾಗೆ ಎತ್ತಿದ ಆರೂ ಸೇರಿ ‘dasara’ ಆಗಬೇಕು. ಅಕ್ಷರಗಳ ಸಂಖ್ಯೆಯ ಪಟ್ಟಿಯಲ್ಲಿ 7ರಿಂದ ಶುರುವಾಗುವ ಕಂಬಸಾಲನ್ನು ಹಿಡಿದು ನನಗೆ ಬೇಕಾದ ಆರನ್ನು ಆರಿಸಿದೆ: ~qwqrq. ‘ಸರಿ’ ಎಂದಿತು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಮುಖ ನೋಡಿ, ಮೊದಲು ತಲೆಗೆ ಎಣ್ಣೆ ಹಚ್ಕೊ ಹೋಗು ಎಂದಳು.

ಮುಂದಿನ ಲ್ಯಾಬಿನಲ್ಲಿ ಸರ್ ಎಲ್ಲರ ಉತ್ತರಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಸಂಯಮದ ಮನುಷ್ಯ, ದನಿ ಏರಿಸಿದ್ದನ್ನು ನಾವು ಕೇಳಿರಲಿಲ್ಲ. ನನ್ನನ್ನು ಎದ್ದು ನಿಲ್ಲಿಸಿದರು. ಇಡೀ ತರಗತಿ ‘nagara’ ಎಂದು ಸರಿಯುತ್ತರ ಕೊಟ್ಟಿದೆ, ನೀನೊಬ್ಬಳು ಕೀಬೋರ್ಡ್ ಮೇಲೆ ಕೈ ಸವರಿ ಕಳಿಸಿದ್ದೀಯ ಎಂದರು. ನನ್ನದರಲ್ಲಿ ಇದೇ ಓಡಿತು ಸರ್ ಎಂದೆ. ಹಾಗಾದರೆ ಪರೀಕ್ಷಿಸುವ ಆದೇಶವನ್ನೇ ಹಾರಿಸಿದ್ದೀಯ, ಇಲ್ಲವೇ ಫೈಲನ್ನೇ ತಿದ್ದಿದ್ದೀಯ ಎಂದರು. gdb ಇದ್ದರೆ ಅದೂ ಸಾಧ್ಯ, ಬಾಗಿಲಿಗೆ ಬೀಗದ ಕೈ ಹುಡುಕುವ ಬದಲು ಚಿಲಕವನ್ನೇ ಕಿತ್ತ ಹಾಗೆ. ಹಾಗೆ ಮಾಡಿದವರಿಗೆ ಲ್ಯಾಬಿನ ಅಂಕ ಪೂರ್ತಿ ಹೋಗುತ್ತಿತ್ತು, ವಿಭಾಗದ ಮುಖ್ಯಸ್ಥರ ಮುಂದೆ ಅಪ್ಪ ಅಮ್ಮ ಬಂದು ನಿಲ್ಲಬೇಕಾಗುತ್ತಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ನಿಮ್ಮ ಹತ್ತಿರ ಇರುವ ಅಸಲಿ ಪ್ರತಿಯಲ್ಲೇ ಹಾಕಿ ನೋಡಿ ಸರ್ ಎಂದೆ. ಅವರು ತಮ್ಮ ಪೆನ್‌ಡ್ರೈವ್ ಹಾಕಿ, ಕನ್ನಡಕ ಸರಿಮಾಡಿಕೊಂಡು, ನನ್ನ ಆರು ಅಕ್ಷರಗಳನ್ನು ಒಂದೊಂದಾಗಿ ಒತ್ತಿದರು.

ಸರಿ ಎಂದಿತು.

ಅವರು ಅದನ್ನೇ ಇನ್ನೊಮ್ಮೆ ಒತ್ತಿದರು, ಮತ್ತೆ ಸರಿ. ಆಮೇಲೆ ಕುರ್ಚಿ ಬಿಟ್ಟುಕೊಟ್ಟು, ಹೇಗೆ ಅಂತ ತೋರಿಸು ಎಂದರು. ಪರದೆಯನ್ನು ಪ್ರೊಜೆಕ್ಟರಿಗೆ ಹಾಕಿ ಎಲ್ಲರ ಎದುರು gdb ತೆರೆದೆ. ಮೊದಲ ಸ್ಥಾನವನ್ನು ಒರೆಸುವ ‘and’ ಎಂಬ ಆದೇಶದ ಮುಂದೆ ನಿಲ್ಲಿಸಿದೆ. ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಖಾನೆಯಲ್ಲಿ, 71 ಕೂತಿತ್ತು, ಅದು ನನ್ನ ‘q’. ಒಂದು ಹೆಜ್ಜೆ ನಡೆಸಿದೆ. ಉಳಿದದ್ದು 1. ಮತ್ತೆ ಮೊದಲಿನಿಂದ ಓಡಿಸಿ ಸರ್ ಅವರ ‘nagara’ ಕೊಟ್ಟು ಅಲ್ಲೇ ನಿಲ್ಲಿಸಿದೆ. 61 ಇತ್ತು, ಒಂದು ಹೆಜ್ಜೆ, ಅದೂ 1. ಸರ್ ತಾವೇ ಬಗ್ಗಿ ‘NAGARA’ ಎಂದು ದೊಡ್ಡಕ್ಷರದಲ್ಲಿ ಒತ್ತಿದರು. ಅದಕ್ಕೂ ಸರಿ ಎಂದಿತು. ‘nqgaba’ ಎಂದು ನಾನು ಒತ್ತಿದೆ, ಅದಕ್ಕೂ ಸರಿ. ನಾವಿಬ್ಬರೂ ಜಗಳ ಮರೆತು ಮಕ್ಕಳ ಹಾಗೆ ಒಂದಾದ ಮೇಲೊಂದು ಒತ್ತುತ್ತ ಕೂತೆವು. ನನಗೆ ಆಗ ಹೊಟ್ಟೆ ತುಂಬ ಖುಷಿ.

ಆಮೇಲೆ ಸರ್ ಕೈ ನಿಂತಿತು. ತರಗತಿ ಅಷ್ಟು ಹೊತ್ತಿನಿಂದ ಯಾಕೆ ಉಸಿರೆತ್ತುತ್ತಿಲ್ಲ ಎಂದು ನನಗೂ ಆಗಲೇ ಹೊಳೆದದ್ದು.

“ಇಷ್ಟೊಂದು ಉತ್ತರ ಇರೋ ಕಡೆ,” ಎಂದರು ಸರ್, “ನಿಮ್ಗೆಲ್ರಿಗೂ ಒಂದೇ ಉತ್ತರ ಹೆಂಗೆ ಸಿಕ್ತು?”

ಉತ್ತರ ನನಗೆ ಗೊತ್ತಿತ್ತು. ಬೈನರಿ ವರ್ಷವರ್ಷವೂ ಅದೇ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಲ್ಯಾಬ್ ಕೋಟಿನ ಜೊತೆ ಉತ್ತರವನ್ನೂ ದಾಟಿಸುವುದು ನಮ್ಮ ಕಾಲೇಜಿನ ಪದ್ಧತಿ. ಆ ಆರು ಅಕ್ಷರ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಶನಿವಾರವೇ ಬಂದಿತ್ತು. ಹಾಕಿದವಳು ನನ್ನ ಗೆಳತಿ, ಲ್ಯಾಬಿನಲ್ಲಿ ನನ್ನ ಪಕ್ಕ ಕೂರುವವಳು, ಹಿನಕಲ್‌ನಿಂದ ಬರುವವಳು. ನನಗೆ ಬೇಡ ಎಂದಾಗ ‘ದೊಡ್ಡ ಸಾಚಾ ನೀನು’ ಎಂದು ರೇಗಿಸಿದ್ದಳು.

ಸರ್ ನನ್ನ ಕಡೆ ತಿರುಗಿ, “ನಿಂಗೆ ಗೊತ್ತಿರುತ್ತೆ, ಹೇಳಮ್ಮ,” ಎಂದರು.

ಹೇಳಿಬಿಡುತ್ತಿದ್ದೆನೇನೋ. ಸುಳ್ಳುಗಾರ್ತಿಯ ಹಾಗೆ ನಾನು ನಿಂತಿದ್ದಾಗ ಅಷ್ಟೂ ಜನರಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಅವಳೂ ಬಿಚ್ಚಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಉರಿದಿದ್ದು. ಅವಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಹೇಳಬೇಡ ಎನ್ನುವ ಹಾಗೇನೂ ಅಲ್ಲ, ಸುಮ್ಮನೆ. ನನ್ನ ಬಾಯಿ ತೆರೆಯಿತು. ಏನು ಹೇಳಲು ತೆರೆಯಿತೋ ಇಂದಿಗೂ ನನಗೆ ಖಾತ್ರಿಯಿಲ್ಲ.

ಸ್ಟೂಲು ಸರಿದ ಸದ್ದಾಯಿತು.

“ನಾನೇ ಹಾಕ್ಬುಟ್ಟೆ ಸರ್, ಗುಂಪಿಗೆ,” ಎಂದಳು ನನ್ನ ಗೆಳತಿ. “ಅವಳ್ನ ಕೇಳ್ಬೇಡಿ.”

ವರ್ಷಗಟ್ಟಲೆ ಒಂದೇ ಬೈನರಿ ಕೊಟ್ಟವನು ನಾನು, ಅದರಲ್ಲಿ ನನ್ನ ಪಾಲೂ ಇದೆ ಎಂದು ಸರ್ ಮೆಲ್ಲಗೆ ಹೇಳಿದರು. ಯಾರ ಅಪ್ಪ ಅಮ್ಮನನ್ನೂ ಕರೆಸಲಿಲ್ಲ. ನನ್ನ ಅಂಕ ಹಾಕಿದರು, ಉಳಿದವರದನ್ನು ಹೊಡೆದುಹಾಕಿದರು. ಇನ್ನು ಒಬ್ಬೊಬ್ಬರೇ ಬಂದು ತಮ್ಮದೇ ಆರು ಅಕ್ಷರ ಕೊಟ್ಟು, ‘and’ ಮುಂದೆ ನಿಲ್ಲಿಸಿ, ಯಾಕೆ ಅಂತ ಹೇಳಬೇಕು ಎಂದರು. ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುವ ಹಾಗಿಲ್ಲ. ಅವಳದು ಮೊದಲು.

ಅವಳು ಬಂದು ನನ್ನ ಪಕ್ಕ ಕೂತಳು. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ, ಆದರೂ ಅವಳ ಮೇಲೆ ಅಕ್ಕರೆ ಉಕ್ಕುತ್ತಿತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮುಂಚೇನೇ ಎದ್ದು ನಿಲ್ಲಬಾರದಿತ್ತೇನೇ ಎಂದು ಪಿಸುಗುಟ್ಟಿದೆ.

“ಭಯ ಆಯ್ತು ಕಣೇ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಈಗ ಇದು 61 ಅಂತ ತೋರಿಸ್ತಿದೆ. ಮುಂದೆ ಏನ್ಮಾಡ್ಬೇಕು?”

ನಾನು ಉತ್ತರ ಹೇಳಲಿಲ್ಲ. ಒಂದು ಹೆಜ್ಜೆ ನಡೆಸಿ ನೋಡು ಎಂದೆ.