ಒಸಡಿನ ಕೆಳಗಿನ ಪದರ

ಭಾಂಡುಪ್‌ನ ನನ್ನ ದಂತ ಕ್ಲಿನಿಕ್ಕಿಗೆ ಆ ಗಾರೆ ಕೆಲಸದ ಹೆಂಗಸು ಮೂರನೆಯ ಸಲ ಬಂದಾಗ ಅವಳ ಮುಖ ನೋಡಲು ನನಗೆ ಸಂಕೋಚವಾಯಿತು. ಒಸಡು ಮತ್ತೆ ಊದಿತ್ತು. ಹಿಂದಿನ ಎರಡು ಸಲವೂ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಅವಳಿಗೆ ಹೆದರಿಕೆ, ನನಗೆ ಅವಸರ. ಆಂಟಿಬಯೋಟಿಕ್ ಬರೆದು ಕಳಿಸಿಬಿಟ್ಟಿದ್ದೆ.

“ಒಂದ್ ಗುಳಿಗಿನೂ ಬಿಟ್ಟಿಲ್ರಿ ಡಾಕ್ಟರ್ ಬಾಯಾರ. ಇನ್ನೂ ಜೋರಿಂದು ಕೊಡ್ರಿ,” ಎಂದಳು.

ಕನ್ನಡಿ ಹಿಡಿದು ಹಲ್ಲಿನ ಬುಡದ ಹಳದಿ ಪದರ ತೋರಿಸಿದೆ. “ಜೋರಿಂದು ಕೊಟ್ರೂ ಅಷ್ಟೇ ಅಕ್ಕಾ. ರೋಗಾಣುಗಳು ಹಲ್ಲಿಗೆ ಅಂಟಿಕೊಂಡು, ಸುತ್ತ ಲೋಳೆ ಕಟ್ಟಿಕೊಂಡು ಗುಂಪಾಗಿ ಕೂತಿವೆ. ಔಷಧ ಅದರೊಳಗೆ ಸರಿಯಾಗಿ ಇಳಿಯಲ್ಲ. ಆಳದಲ್ಲಿ ಇರೋವು ಬೆಳೆಯೋದನ್ನೇ ನಿಧಾನ ಮಾಡಿರ್ತವೆ. ಈ ಗುಳಿಗೆ ಹೊಡೆಯೋದು ಬೆಳೀತಿರೋವನ್ನ. ಉಳಿದವು ಕೋರ್ಸ್ ಮುಗಿದ ಮೇಲೆ ಮತ್ತೆ ಹೆಚ್ಚಾಗ್ತವೆ. ಪದರ ಕೆರೆದೇ ತೆಗೀಬೇಕು.”

“ಕೆರದ್ರ ಹಲ್ಲು ಅಳ್ಳಾಡ್ತಾವಂತಲ್ರಿ?”

“ಹಾಗೇ ಬಿಟ್ರೆ ಅಳ್ಳಾಡ್ತವೆ. ಇದನ್ನ ಮೊದಲ ದಿನವೇ ಹೇಳಬೇಕಿತ್ತು. ತಪ್ಪು ನನ್ನದು.”

ಅವಳು ಕುರ್ಚಿಗೆ ಒರಗಿ ಬಾಯಿ ತೆರೆದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗಿನವರೆಗೂ ಕೆರೆದು ತೆಗೆದೆ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ಬಡಿದರು; ನಾನು ಏಳಲಿಲ್ಲ.

ಎರಡು ವಾರ ಬಿಟ್ಟು ತೋರಿಸಲು ಬಂದಾಗ ಬಾವು ಇಳಿದಿತ್ತು. “ಈಗ ರೊಟ್ಟಿ ತಿಂತೀನ್ರಿ,” ಎಂದು ನಕ್ಕು ಹೋದಳು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹೀಗೆಯೇ ಗುಳಿಗೆ ಬರೆದು ಕಳಿಸಿದವರು ಇನ್ನೆಷ್ಟು ಜನವೋ. ಹಳೆಯ ಕೇಸ್ ಪೇಪರ್‌ಗಳನ್ನು ಹರಡಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ.